ಸ್ಪೀಕರ್ ತರುವ ಮಕ್ಕಳ ಗಮನಕ್ಕೆ

ನನ್ನ ದನಿ ದೊಡ್ಡದು. ತಪ್ಪು ನನ್ನದಲ್ಲ, ನಮ್ಮ ಮನೆಯದು. ಪನಮರಂ ಹತ್ತಿರದ ಗದ್ದೆಬಯಲಿನ ಈ ಬದಿಗೆ ಮನೆ, ಆ ಬದಿಗೆ ಅಪ್ಪ. ನಮ್ಮದು ಜೈನರ ಮನೆ, ಹೊತ್ತು ಮುಳುಗುವ ಮೊದಲೇ ರಾತ್ರಿಯ ಊಟ ಮುಗಿಯಬೇಕು. ಬಯಲಿನ ಆಚೆಗೆ ಕೇಳುವ ಹಾಗೆ ಅಪ್ಪನನ್ನು ಕರೆಯುವುದು ನನ್ನ ಕೆಲಸವಾಗಿತ್ತು. ಕೇಳಿಸದೆ ಹೋದರೆ ಅವರಿಗೆ ಅವತ್ತು ಉಪವಾಸ. ಹಾಗೆ ಬೆಳೆದ ದನಿ ಇದು. ಮದುವೆಯಾದ ಮೇಲೆ ಗಂಡ, ಆಮೇಲೆ ಮಗಳು, "ಮೆತ್ತಗೆ ಮಾತಾಡಬಾರದಾ?" ಎಂದು ಕೇಳುತ್ತಲೇ ಬಂದಿದ್ದಾರೆ. ಕೋಪವಂತೂ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ದನಿ, ಕೋಪ ಎರಡೂ ಇದ್ದವರಿಗೆ ನಮ್ಮ ಕಡೆ ಸಿಗುವ ಕೆಲಸ ಒಂದೇ. ನಾನು ಟೀಚರಾದೆ.

ನಾನು ಕಲಿಸುವ ಶಾಲೆ ಮಾನಂದವಾಡಿಯಿಂದ ಬಸ್ಸಿನಲ್ಲಿ ಸ್ವಲ್ಪ ದೂರ, ಕಾಡಂಚಿನ ರಸ್ತೆಯಲ್ಲಿದೆ. ಪಾಠ, ಆಫೀಸು, ಜಗಳ ಎಲ್ಲ ಮಲಯಾಳದಲ್ಲಿ. ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳು ತರಗತಿಗೆ ಇಬ್ಬರೋ ಮೂವರೋ ಸಿಗುತ್ತಾರೆ. ಅವರು ನನ್ನ ಹತ್ತಿರ ಗುಟ್ಟಾಗಿ ಕನ್ನಡದಲ್ಲಿ ರಜೆ ಕೇಳುತ್ತಾರೆ. ಭಾಷೆ ಒಂದೇ ಆದರೆ ಟೀಚರ್ ಕರಗುತ್ತಾರೆ ಎಂದು ಅವರ ನಂಬಿಕೆ. ನಾನು ಕರಗುವುದಿಲ್ಲ.

ಈ ಜನವರಿಯಲ್ಲಿ ನಮ್ಮ ಹೆಡ್‌ಮಾಷ್ ನನ್ನನ್ನು ಕರೆದು ಒಂದು ನೋಟೀಸು ಬರೆಯಲು ಹೇಳಿದರು. ಮೇಷ್ಟ್ರಿಗೆ ಇಲ್ಲಿ ಮಾಷ್ ಎನ್ನುತ್ತಾರೆ. ಕಾರಣ ಎರಡು. ಮೊದಲನೆಯದು ನಗುವ ವಿಷಯವಲ್ಲ. ಹತ್ತನೇ ತರಗತಿಯ ಒಬ್ಬಳು ಶಾಲಿನ ಒಳಗೆ ಎರಡೂ ಕಿವಿಗೆ ಇಯರ್‌ಬಡ್ ತುರುಕಿಕೊಂಡು ಬೆಳಿಗ್ಗೆ ಕಾಡಿನ ರಸ್ತೆಯಲ್ಲಿ ನಡೆದು ಬರುತ್ತಿದ್ದಳು. ತಿರುವಿನಲ್ಲಿ ಆನೆ ನಿಂತಿತ್ತು. ಹಿಂದಿನಿಂದ ಜನ ಕೂಗಿದರು, ಜೀಪು ಹಾರ್ನ್ ಹೊಡೆಯಿತು. ಅವಳು ಹಾಡಿಗೆ ತಲೆಯಾಡಿಸುತ್ತ ಮುಂದೆ ನಡೆದಳು. ಕೊನೆಗೆ ಒಬ್ಬ ಆಟೋದವನು ಓಡಿಹೋಗಿ ಅವಳ ಬ್ಯಾಗು ಹಿಡಿದು ಎಳೆದ. ಮಗುವಿಗೆ ಏನೂ ಆಗಲಿಲ್ಲ. ಆದರೆ ಆ ಕಥೆ ಕೇಳಿದ ದಿನ ಸ್ಟಾಫ್ ರೂಮಿನಲ್ಲಿ ಯಾರೂ ಚಹಾ ಕುಡಿಯಲಿಲ್ಲ.

ಎರಡನೆಯದು ವಾರ್ಷಿಕೋತ್ಸವ. ಡ್ಯಾನ್ಸ್ ಅಭ್ಯಾಸಕ್ಕೆಂದು ಪ್ರತಿ ಗುಂಪಿನವರೂ ಒಂದೊಂದು ಬ್ಲೂಟೂತ್ ಸ್ಪೀಕರ್ ತರತೊಡಗಿದ್ದರು. ಈ ಸ್ಪೀಕರುಗಳಿಗೆ ಒಂದು ಗುಣವುಂಟು. ಒಮ್ಮೆ ಜೋಡಿಯಾದ ಫೋನನ್ನು ಅವು ಮರೆಯುವುದಿಲ್ಲ, ಹತ್ತಿರದಲ್ಲಿದ್ದರೆ ತಾವಾಗಿಯೇ ಹೋಗಿ ಜೋಡಿಯಾಗುತ್ತವೆ. ಎಂಟನೇ ತರಗತಿಯ ಹುಡುಗಿಯರು ತಿರುವಾದಿರ ಕುಣಿತಕ್ಕೆ ಸಾಲಾಗಿ ನಿಂತು ಕೈಮುಗಿದಿದ್ದಾಗ ಸ್ಪೀಕರಿನಿಂದ ಆಡು ಸಾಕಣೆಯ ಲಾಭನಷ್ಟ ಕೇಳಿಬಂತು. ನಮ್ಮ ಡ್ರಿಲ್ ಮಾಷ್ ಪಕ್ಕದ ಕೋಣೆಯಲ್ಲಿ ಕುಳಿತು ಫೋನಿನಲ್ಲಿ ಆಡಿನ ವಿಡಿಯೋ ನೋಡುತ್ತಿದ್ದರು. ಹಿಂದಿನ ದಿನ ಅದೇ ಸ್ಪೀಕರಿಗೆ ಹಾಡು ಹಾಕಿಕೊಟ್ಟವರು ಅವರೇ. ಅವರು ತಮ್ಮ ಫೋನಿನಲ್ಲಿ ದನಿಯೇ ಬರುತ್ತಿಲ್ಲವೆಂದು ದನಿ ಏರಿಸುತ್ತಲೇ ಇದ್ದರು.

ನೋಟೀಸು ಬರೆಯುವುದರಲ್ಲಿ ನನಗೆ ಹೆಮ್ಮೆಯಿದೆ. ಮಕ್ಕಳು ಚಾಪೆ ಕೆಳಗೆ ನುಸುಳಿದರೆ ನಾನು ರಂಗೋಲಿ ಕೆಳಗೆ ನುಸುಳುವವಳು. ಸಂದು ಬಿಡದೆ ಬರೆಯಬೇಕು, ಅಸೆಂಬ್ಲಿಯಲ್ಲಿ ಬಿಸಿಲಿಗೆ ನಿಂತ ಮಕ್ಕಳಿಗಾಗಿ ಚಿಕ್ಕದಾಗಿಯೂ ಇರಬೇಕು. ಬರೆದದ್ದು ಮಲಯಾಳದಲ್ಲಿ, ಕನ್ನಡದಲ್ಲಿ ಹೇಳಿದರೆ ಹೀಗೆ:

"ಬ್ಲೂಟೂತ್ ಸ್ಪೀಕರ್, ಇಯರ್‌ಬಡ್ ತರುವ ಮಕ್ಕಳ ಗಮನಕ್ಕೆ. ಇಯರ್‌ಬಡ್, ಹೆಡ್‌ಫೋನ್, ತಂತಿ ಇರಲಿ ಇಲ್ಲದಿರಲಿ, ಶಾಲೆಗೆ ತರುವಂತಿಲ್ಲ. ಡಾಕ್ಟರು ಹೇಳಿ ಹಾಕಿಸಿದ ಕಿವಿಯ ಮೆಷಿನ್ನಿಗೆ ಈ ಮಾತು ಅನ್ವಯಿಸುವುದಿಲ್ಲ. ಸ್ಪೀಕರನ್ನು ವಾರ್ಷಿಕೋತ್ಸವದ ಅಭ್ಯಾಸಕ್ಕೆ ಮಾತ್ರ, ಅಭ್ಯಾಸ ಮಾಡಿಸುವ ಟೀಚರ ಚೀಟಿ ಪಡೆದು ತರಬಹುದು. ಅದರ ಮೇಲೆ ಯಾರದೆಂದು ಹೆಸರು, ತರಗತಿ ಬರೆದು ಅಂಟಿಸಬೇಕು. ಅಸೆಂಬ್ಲಿಗೆ ಮುಂಚೆ ಸ್ಟಾಫ್ ರೂಮಿಗೆ ಕೊಟ್ಟು, ಕೊನೆಯ ಗಂಟೆಯಾದ ಮೇಲೆ ತಂದವರೇ ತೆಗೆದುಕೊಂಡು ಹೋಗಬೇಕು. ಹಾಡು ಹಾಕುವುದು ಟೀಚರ ಫೋನಿನಿಂದ ಮಾತ್ರ. ಅಭ್ಯಾಸ ಮುಗಿದ ಮೇಲೆ ಆ ಫೋನಿನ ಜೋಡಣೆ ತೆಗೆಯಬೇಕು. ನಿಯಮ ಮೀರಿ ತಂದದ್ದು ಆಫೀಸಿನಲ್ಲಿರುತ್ತದೆ. ಹೆತ್ತವರು ಅಥವಾ ರಕ್ಷಕರು ಸಹಿ ಹಾಕಿದರೆ ಮಾತ್ರ ವಾಪಸು."

ಸೋಮವಾರದ ಅಸೆಂಬ್ಲಿಯಲ್ಲಿ ಅದನ್ನು ಓದಿದೆ. ಮೈಕು ಕೆಟ್ಟಿತ್ತು. ನನಗೆ ಮೈಕು ಬೇಕಾಗಿಯೂ ಇರಲಿಲ್ಲ. ಓದಿ ಮುಗಿಸಿದಾಗ ಗೇಟಿನ ಹೊರಗಿನ ಚಹಾದಂಗಡಿಯವನು ಕೂಡ ಸುಮ್ಮನೆ ನಿಂತಿದ್ದ.

ಅದೇ ವಾರ ಇನ್ನೊಂದು ಅಸೆಂಬ್ಲಿಯಲ್ಲಿ ಹೆಡ್‌ಮಾಷ್ ನಿಯಮಗಳನ್ನು ಮತ್ತೊಮ್ಮೆ ನೆನಪಿಸಲು ನಿಂತರು. ಅವರು ತುಂಬ ಶಿಸ್ತಿನ ಮನುಷ್ಯ, ಮೆತ್ತಗೆ ಮಾತಾಡುತ್ತಾರೆ. "ಟೀಚರ್ ಓದಿದ್ದನ್ನು ನೀವು ಪಾಲಿಸುತ್ತಿದ್ದೀರಿ, ಸಂತೋಷ" ಎಂದರು. ಅಷ್ಟರಲ್ಲಿ ಮಕ್ಕಳು ಬ್ಯಾಗುಗಳನ್ನು ಬಿಟ್ಟುಬಂದ ವರಾಂಡದ ಕಡೆಯಿಂದ ನಾಯಿ ಬೊಗಳಿತು. ಒಂದಲ್ಲ, ನಾಲ್ಕೈದು ನಾಯಿ ಒಟ್ಟಿಗೆ. ನಮ್ಮ ಪ್ಯೂನ್ ಕೋಲು ಹಿಡಿದು ಆ ಕಡೆ ಓಡಿದರು. ಬೊಗಳುವುದು ನಿಂತು ತಗಡು ಬಡಿಯುವ ಸದ್ದು ಬಂತು. ಆಮೇಲೆ ಒಬ್ಬ ಗಂಡಸಿನ ದನಿ, ಅದೂ ಕನ್ನಡದಲ್ಲಿ: "ಹೋಯ್! ಹೋಯ್! ಹೋಗಪ್ಪ ದೊಡ್ಡವ್ನೇ, ಹೋಗು! ಬಡವರ ಗದ್ದೆ, ಹೋಗು!"

ಇಡೀ ಶಾಲೆ ನಕ್ಕಿತು. ಹೆಡ್‌ಮಾಷ್ ನಗಲಿಲ್ಲ. ಟೀಚರುಗಳಲ್ಲಿ ಕನ್ನಡ ತಿಳಿದವಳು ನಾನೊಬ್ಬಳೇ ಅಲ್ಲವೇ, ಎಲ್ಲರೂ ನನ್ನ ಮುಖ ನೋಡಿದರು, ಅದು ನನ್ನ ಸಂಬಂಧಿಕರ ದನಿ ಎಂಬಂತೆ. ಪ್ಯೂನ್ ಒಂದು ಬ್ಯಾಗನ್ನು ತೂಗಾಡಿಸುತ್ತ ಬಂದರು. ಅದರೊಳಗಿಂದ ಇನ್ನೂ "ಹೋಗಪ್ಪ, ಹೋಗು" ಕೇಳುತ್ತಿತ್ತು.

ಬ್ಯಾಗು ಒಂಬತ್ತನೇ ತರಗತಿಯ ಒಬ್ಬ ಹುಡುಗಿಯದು. ಮನೆಯಲ್ಲಿ ಕನ್ನಡ ಮಾತಾಡುವವಳು, ಓದಿನಲ್ಲಿ ಚುರುಕು, ನನ್ನ ಬೈಗುಳ ಇದುವರೆಗೆ ತಿಂದವಳಲ್ಲ. ಅವಳನ್ನು ಆಫೀಸಿಗೆ ಕರೆದು ಮೇಜಿನ ಮೇಲೆ ಸ್ಪೀಕರ್ ಇಟ್ಟೆವು. ಬಟ್ಟೆಯ ಹೊದಿಕೆ ಹರಿದು, ಸೈಕಲ್ ಟ್ಯೂಬಿನಿಂದ ಬಿಗಿದು, ಹೊಗೆ ವಾಸನೆ ಹೊಡೆಯುತ್ತಿದ್ದ ಸ್ಪೀಕರ್ ಅದು. ಬದಿಯಲ್ಲಿ ಮೆಮೊರಿ ಕಾರ್ಡು ಹಾಕುವ ಸೀಳು. ಬ್ಯಾಗಿನಲ್ಲಿ ಊಟದ ಡಬ್ಬಿ ಒತ್ತಿ ಬಟನ್ ಆನ್ ಆಗಿತ್ತು, ಆನ್ ಆದ ಕೂಡಲೇ ಅದು ಕಾರ್ಡಿನಲ್ಲಿದ್ದದ್ದನ್ನು ಹಾಡಲು ಸುರುಮಾಡಿತ್ತು. ಅದಕ್ಕೆ ಫೋನೂ ಬೇಡ, ಬ್ಲೂಟೂತೂ ಬೇಡ. ಸಂದು ಬಿಡದೆ ಬರೆದ ನನ್ನ ನೋಟೀಸಿನಲ್ಲಿ ಮೆಮೊರಿ ಕಾರ್ಡಿನ ಮಾತೇ ಇರಲಿಲ್ಲ. ನನಗೆ ಮೊದಲು ಕೋಪ ಬಂದದ್ದು ಅದಕ್ಕೆ.

"ನೋಟೀಸು ಓದಿದ್ದು ಕೇಳಿಸಿತ್ತಾ?" ಎಂದೆ.

"ಕೇಳಿಸಿತ್ತು ಟೀಚರೇ. ನಮ್ಮೂರಿನವರ್ಗೂ ಕೇಳಿರ್ಬೇಕು" ಎಂದಳು. ಅದು ಅಧಿಕಪ್ರಸಂಗವಾಗಿರಲಿಲ್ಲ, ನಿಜವನ್ನೇ ಹೇಳಿದ್ದಳು.

"ಹಾಗಾದರೆ ಇದನ್ನು ಯಾಕೆ ತಂದೆ?"

"ಸ್ಕೂಲಿಗೆ ತಂದದ್ದಲ್ಲ ಟೀಚರೇ. ಇದು ಸ್ಕೂಲ್ ಮೇಲೆ ಹಾದುಹೋಗಾದು."

ಆಮೇಲೆ ಬಿಡಿಸಿ ಹೇಳಿದಳು. ಕಾಡಿನ ಅಂಚಿನಲ್ಲಿ ಒಂದು ಬಯಲು, ಅದರಲ್ಲಿ ಏಳು ಮನೆಯವರ ಗದ್ದೆ. ಭತ್ತ ಹಳದಿಯಾದ ದಿನದಿಂದ ಕೊಯ್ಲಿನವರೆಗೆ ರಾತ್ರಿ ಕಾವಲು, ಅದಕ್ಕೆ ಮನೆಗೊಂದು ಸರದಿ. ಸರದಿಯ ಮನೆಯವರು ಮಾಳದ, ಅಂದರೆ ಬಿದಿರಿನ ಅಟ್ಟಣೆಯ, ಮೇಲೆ ಕೂತು ತಗಡು ಬಡಿಯಬೇಕು, ಕೂಗಬೇಕು. ಕೂಗಿ ಕೂಗಿ ಗಂಟಲು ಹೋಗುತ್ತದೆ, ಕಣ್ಣು ಹತ್ತಿದರೆ ಹಂದಿ ಬಂದು ಹೋಗುತ್ತದೆ. ಹಾಗೆಂದು ಏಳು ಮನೆಯವರು ಸೇರಿ ಈ ಸ್ಪೀಕರ್ ಕೊಂಡಿದ್ದರು. ಕಾರ್ಡಿನಲ್ಲಿದ್ದದ್ದು ನಾಯಿ, ತಗಡು, ಅವಳ ಅಪ್ಪನ ಕೂಗು; ದೊಡ್ಡವನು ಎಂದರೆ ಆನೆ. ಇಬ್ಬನಿ ಬೀಳದ ಹಾಗೆ ಪ್ಲಾಸ್ಟಿಕ್ ಸುತ್ತಿ ಬಿದಿರಿನ ಗೂಟಕ್ಕೆ ಕಟ್ಟುತ್ತಾರೆ. ಚಾರ್ಜು ತುಂಬಿದ್ದರೆ ಬೆಳಗಿನವರೆಗೆ ಬೊಗಳುತ್ತದೆ. ಮಾಳದ ಹತ್ತಿರ ಕರೆಂಟಿಲ್ಲ, ಅದಕ್ಕೆ ಬೆಳಿಗ್ಗೆ ಮನೆಗೆ ತಂದು ಚಾರ್ಜು ಮಾಡಿ, ಮುಂದಿನ ಸರದಿಯ ಮನೆಗೆ ಮುಟ್ಟಿಸಬೇಕು.

ಮುಟ್ಟಿಸುವುದು ಹೇಗೆ? ಬಯಲಿನ ನಡುವೆ ಹೊಳೆ. ಮಳೆಗಾಲದಲ್ಲಿ ಮರದ ಪಾಲ, ಅಂದರೆ ಸೇತುವೆ, ಕೊಚ್ಚಿಹೋಗಿತ್ತು, ಇನ್ನೂ ಕಟ್ಟಿರಲಿಲ್ಲ. ಆ ದಡದ ಮನೆಗೆ ರಸ್ತೆಯಲ್ಲಿ ಹೋದರೆ ದೊಡ್ಡ ಸುತ್ತು. ಆದರೆ ಎರಡೂ ದಡದ ಮಕ್ಕಳು ದಿನಾ ಸೇರುವ ಜಾಗ ಒಂದಿತ್ತು, ನಮ್ಮ ಶಾಲೆ. ಈ ದಡದ ಬ್ಯಾಗಿನಲ್ಲಿ ಬೆಳಿಗ್ಗೆ ಬಂದದ್ದು ಆ ದಡದ ಬ್ಯಾಗಿನಲ್ಲಿ ಸಂಜೆ ಹೋಗುತ್ತಿತ್ತು. ಸ್ಪೀಕರ್ ಮಾತ್ರವಲ್ಲ, ಬೀಜದ ಕಟ್ಟು, ಮಜ್ಜಿಗೆಯ ಹೆಪ್ಪು, ಮದುವೆಯ ಕರೆಯೋಲೆ ಎಲ್ಲ ಹೀಗೆಯೇ ಹೋಗುತ್ತಿದ್ದವಂತೆ. ನಾನು ಇಷ್ಟು ವರ್ಷ ಆ ಶಾಲೆಯಲ್ಲಿದ್ದೇನೆ, ನನ್ನ ಮೂಗಿನ ಕೆಳಗೆ ಒಂದು ಅಂಚೆ ನಡೆಯುತ್ತಿತ್ತೆಂದು ತಿಳಿದೇ ಇರಲಿಲ್ಲ.

"ಇವತ್ತು ಯಾರ ಸರದಿ?" ಎಂದೆ.

ಅವಳು ಬಾಗಿಲ ಕಡೆ ನೋಡಿದಳು. ಅಲ್ಲಿ ಐದನೇ ತರಗತಿಯ ಒಬ್ಬಳು ಪುಟ್ಟಿ, ಎರಡು ಜಡೆಯವಳು, ಕಂಬ ಹಿಡಿದು ನಿಂತಿದ್ದಳು. "ಅವ್ಳ ಅಜ್ಜಿದು. ಅವ್ರ ಗದ್ದೆ ಕಾಡಿಗೆ ಕಡೇದು ಟೀಚರೇ. ಮನೇಲಿ ಅಜ್ಜಿ, ಇವ್ಳು, ಇಬ್ರೇ. ಮೊನ್ನೆ ಹಂದಿ ಅಂಚ್ನವರ್ಗೂ ಬಂದು ಹೋಗ್ಯದೆ. ಭಾನುವಾರ ಕೊಯ್ಲು. ಅದುವರ್ಗೂ ಉಳೀಬೇಕು."

ನಾನು ಇದನ್ನೆಲ್ಲ ಹೆಡ್‌ಮಾಷ್ ಅವರಿಗೆ ಮಲಯಾಳದಲ್ಲಿ ಹೇಳಿದೆ. ಅವರು ಕೇಳಿ, ಕನ್ನಡಕ ಒರೆಸಿ, ನನ್ನ ನೋಟೀಸನ್ನೇ ನನ್ನ ಮುಂದಿಟ್ಟರು. "ಟೀಚರ್, ನಿಯಮ ನಿಮ್ಮದೇ. ಹೆತ್ತವರು ಬಂದು ಸಹಿ ಹಾಕಲಿ, ಕೊಡೋಣ. ಇವತ್ತು ಇದಕ್ಕೆ ಬಿಟ್ಟರೆ ನಾಳೆ ಹತ್ತು ಮಂದಿ ಹತ್ತು ಕಥೆ ತರುತ್ತಾರೆ. ಇಯರ್‌ಬಡ್ ಹುಡುಗಿಯ ಕಥೆ ನೆನಪಿದೆಯಲ್ಲ?"

ಅವರ ಮಾತು ತಪ್ಪಾಗಿರಲಿಲ್ಲ. ತಪ್ಪಿಲ್ಲದ ಮಾತು ಕೇಳಿದರೆ ನನಗೆ ಇನ್ನೂ ಜಾಸ್ತಿ ಕೋಪ ಬರುತ್ತದೆ.

"ನಿನ್ನ ಅಪ್ಪನನ್ನು ಕರೆಸು" ಎಂದೆ ಹುಡುಗಿಗೆ. ಅಪ್ಪ ರಾತ್ರಿಯೆಲ್ಲ ಕಾವಲಿದ್ದು ಬೆಳಿಗ್ಗೆ ಕಾಫಿ ತೋಟಕ್ಕೆ ಕೆಲಸಕ್ಕೆ ಹೋಗಿದ್ದ. ಅಲ್ಲಿ ಫೋನಿಗೆ ರೇಂಜಿಲ್ಲ. ಎರಡು ಸಲ ಮಾಡಿ ನೋಡಿದೆವು, ಸಿಗಲಿಲ್ಲ. ಅಷ್ಟಕ್ಕೂ ಅವಳಿಗೆ ಇನ್ನೊಂದು ಪ್ರಶ್ನೆ ಇತ್ತು.

"ಟೀಚರೇ, ಯಾರ ಅಪ್ಪ ಬರ್ಬೇಕು? ಇದು ಯಾರ್ದೂ ಅಲ್ಲ, ಏಳ್ ಮನೇದು. ನಮ್ಮಪ್ಪ ಸಹಿ ಹಾಕಿದ್ರೆ ಉಳ್ದೋರು, ಇದು ನಿಂದು ಅಂತ ಬರ್ಕೊಟ್ಯಾ ಅಂತಾರೆ."

ಯಾರದೆಂದು ಹೆಸರು ಬರೆದು ಅಂಟಿಸಬೇಕು ಎಂದು ಬರೆದವಳು ನಾನು. ಸ್ಪೀಕರನ್ನು ತಿರುಗಿಸಿ ನೋಡಿದೆ. ಅಡಿಯಲ್ಲಿ ಒಂದು ಚೀಟಿ ಅಂಟಿತ್ತು. ನೋಟೀಸು ಕೇಳಿದ ಮೇಲೆ ಅವಳೇ ಅಂಟಿಸಿದ್ದಂತೆ. ಪುಟ್ಟ ಅಕ್ಷರದಲ್ಲಿ ಏಳು ಮನೆಯ ಹೆಸರು ಬರೆದು, ಜಾಗ ಮುಗಿದು, ತರಗತಿ ಎಂಬಲ್ಲಿ "ಎಲ್ಲಾ" ಎಂದು ಬರೆದಿದ್ದಳು. ನಾನು ಹಲ್ಲು ಕಚ್ಚಿ ನಗು ತಡೆದೆ. ಹೆಡ್‌ಮಾಷ್ ಚೀಟಿ ಓದಿ ಕಿಟಕಿಯ ಕಡೆ ತಿರುಗಿದರು. ಅವರೂ ತಡೆದರೆಂದು ನನ್ನ ಊಹೆ.

ಮಧ್ಯಾಹ್ನದವರೆಗೆ ಸ್ಪೀಕರ್ ಆಫೀಸಿನ ಅಲಮಾರಿನಲ್ಲಿತ್ತು. ನಾನು ಏಳನೇ ತರಗತಿಗೆ ಪಾಠ ಮಾಡಿದೆ, ಕಾರಣವಿಲ್ಲದೆ ಇಬ್ಬರಿಗೆ ಬೈದೆ. ಊಟದ ಹೊತ್ತಿಗೆ ಆ ಪುಟ್ಟಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಊಟ ಮಾಡಿದೆಯಾ ಎಂದರೆ ತಲೆಯಾಡಿಸಿದಳು. ಆಮೇಲೆ, "ಟೀಚರೇ, ಹಂದಿ ಓಡ್ಸಕ್ಕೆ ಪಡಕ್ಕ ಇಡಾದು ತಪ್ಪಲ್ವಾ?" ಎಂದಳು. ಪಡಕ್ಕ ಎಂದರೆ ಪಟಾಕಿ.

"ಯಾರು ಇಡುತ್ತಾರೆ?"

"ಯಾರೂ ಇಲ್ಲ. ಸ್ಪೀಕರ್ ಸಿಗ್ದಿದ್ರೆ ಪಡಕ್ಕ ಇಸ್ಕೊಂಡ್ ಬಾ ಅಂತ ಅಜ್ಜಿ ಹೇಳವ್ರೆ. ಅಂಗ್ಡೀಲಿ ನಾನು ಕೇಳ್ಬೇಕು."

ಒಂದು ಇರುವೆಯನ್ನೂ ದಾಟಿ ನಡೆ ಎಂದು ಕಲಿಸಿದ ಮನೆಯಿಂದ ಬಂದವಳು ನಾನು. ಹಂದಿಗೂ ಗಾಯವಾಗದೆ ಅಜ್ಜಿಯ ಕೈಯೂ ಸುಡದೆ ಗದ್ದೆ ಉಳಿಸುವ ಒಂದೇ ಉಪಾಯವನ್ನು ನಾವು ಬೀಗ ಹಾಕಿ ಇಟ್ಟಿದ್ದೆವು. ಹತ್ತು ವರ್ಷದ ಮಗು ಈಗ ಪಟಾಕಿ ಕೊಳ್ಳಲು ಅಂಗಡಿಗೆ ಹೋಗಬೇಕು. ಅನ್ನದ ಡಬ್ಬಿ ಮುಚ್ಚಿ ಎದ್ದೆ.

ಹೆಡ್‌ಮಾಷ್ ಮುಂದೆ ನಿಂತು, ನನ್ನ ಮಟ್ಟಿಗೆ ಮೆತ್ತಗೆ, ಹೇಳಿದೆ: "ಮಾಷೇ, ನಿಯಮ ಮುರಿಯುವುದು ಬೇಡ. ರಕ್ಷಕರ ಸಹಿ ಬೇಕು ತಾನೇ? ಅವರಿಗೆ ಇಲ್ಲಿಗೆ ಬರಲಾಗುವುದಿಲ್ಲ, ನಾನು ಅಲ್ಲಿಗೆ ಹೋಗುತ್ತೇನೆ. ಸ್ಪೀಕರ್ ನನ್ನ ಕೈಯಲ್ಲಿ ಹೋಗುತ್ತದೆ, ಮಕ್ಕಳ ಬ್ಯಾಗಿನಲ್ಲಿ ಅಲ್ಲ. ಇವತ್ತು ಯಾರ ಸರದಿಯೋ ಆ ಮನೆಯ ಹಿರಿಯರ ಕೈಗೆ ಕೊಟ್ಟು, ಸಹಿ ಮಾಡಿಸಿ ನಾಳೆ ನಿಮ್ಮ ಮೇಜಿನ ಮೇಲೆ ಇಡುತ್ತೇನೆ."

ಆಫೀಸಿನ ಹೊರಗೆ ನಡೆದುಹೋಗುತ್ತಿದ್ದವರು ನಿಂತರು. ಅಂದರೆ ಅಷ್ಟು ಮೆತ್ತಗೆ ಹೇಳಿರಲಿಲ್ಲವೆಂದಾಯಿತು.

ಅವರು ಮೇಜಿನ ಖಾನೆ ಎಳೆದು ಕೈಯಾಡಿಸಿದರು. "ಶಾಲೆಯ ನಿಯಮ ಮನೆ ಬಾಗಿಲಿಗೆ ಹೋಗುವುದು ಇದೇ ಮೊದಲು" ಎಂದರು. "ಹೋಗಿ ಬನ್ನಿ. ಕತ್ತಲಾಗುವ ಮೊದಲು ಬಸ್ಸು ಹಿಡಿಯಿರಿ." ಅಲಮಾರಿನ ಕೀಲಿ ಕೊಟ್ಟರು.

ಕೊನೆಯ ಗಂಟೆಯಾದ ಮೇಲೆ ನಾನು, ದೊಡ್ಡವಳು, ಪುಟ್ಟಿ ಮೂವರೂ ಆ ದಡಕ್ಕೆ ಹೋಗುವ ಬಸ್ಸು ಹತ್ತಿದೆವು. ದೊಡ್ಡವಳು ಅವತ್ತು ಅಜ್ಜಿಗೆ ಜೊತೆಯಾಗಿ ಅಲ್ಲೇ ಉಳಿಯುವುದೆಂದು ಮೊದಲೇ ಮಾತಾಗಿತ್ತು. ಬಸ್ಸಿಳಿದು ಕಾಫಿ ತೋಟದ ಬದಿಯಲ್ಲಿ ನಡೆದರೆ ಬಯಲು ತೆರೆದುಕೊಂಡಿತು. ಭತ್ತ ಬಾಗಿ ನಿಂತಿತ್ತು. ಹಿಂದೆ ಕಾಡು, ನಡುವೆ ಒಂದು ಕಂದಕ, ಅದೂ ಅಲ್ಲಲ್ಲಿ ಕುಸಿದಿತ್ತು. ಕಡೆಯ ಗದ್ದೆಯ ಅಂಚಿನಲ್ಲಿ ಮಣ್ಣು ಉತ್ತ ಹಾಗೆ ಕೆದರಿತ್ತು. ಅದು ಹಂದಿಯ ಕೆಲಸವೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಜ್ಜಿ ಅಂಗಳದಲ್ಲಿ ಕುಡುಗೋಲು ಮಸೆಯುತ್ತಿದ್ದರು. ಶಾಲೆಯ ಟೀಚರ್ ಬಂದದ್ದು ನೋಡಿ ಎದ್ದು ನಿಂತರು, ಮೊಮ್ಮಗಳನ್ನು ದುರುಗುಟ್ಟಿ ನೋಡಿದರು. "ಏನ್ ಮಾಡ್ಬಂದ್ಯೇ ಕುಟ್ಟಿ?"

"ಅವಳು ಏನೂ ಮಾಡಿಲ್ಲ. ಇದು ಕೊಡಲು ಬಂದೆ" ಎಂದು ಸ್ಪೀಕರ್ ತೆಗೆದೆ. ನಡೆದದ್ದನ್ನು ಹೇಳಿದೆ. ಅಜ್ಜಿ ಸೊಂಟಕ್ಕೆ ಕೈಯಿಟ್ಟು ನಕ್ಕರು. "ಸ್ಕೂಲಲ್ಲೂ ಆನೆ ಓಡ್ಸಿತಾ ಇದು!" ಎಂದರು. ನಾನು ಬರೆದು ತಂದಿದ್ದ ಹಾಳೆಯಲ್ಲಿ ಸಹಿ ಕೇಳಿದೆ. ಮೊಣಕಾಲ ಮೇಲಿಟ್ಟು ನಿಧಾನವಾಗಿ, ಗಟ್ಟಿಯಾಗಿ ಬರೆದರು.

ಆಮೇಲೆ ನನ್ನ ಮನೆ ಯಾವುದು, ಯಾರ ಮಗಳು ಎಂದೆಲ್ಲ ವಿಚಾರಿಸಿದರು. ಜೈನರ ಮನೆಯವಳು ಎಂದು ತಿಳಿದ ಕೂಡಲೇ ಆಕಾಶ ನೋಡಿದರು. "ಹೊತ್ತು ಮುಳುಗಾದ್ರೊಳ್ಗೆ ಒಂದಿಷ್ಟ್ ತಿನ್ನಮ್ಮ, ಆಮೇಲೆ ನೀವು ತಿನ್ನಾಕಿಲ್ಲ" ಎಂದು ಅವಲಕ್ಕಿಗೆ ಬೆಲ್ಲ, ತೆಂಗಿನಕಾಯಿ ಕಲಸಿ ಕೊಟ್ಟರು. ನನಗೆ ಹಸಿವಾಗಿತ್ತು. ನಮ್ಮ ಪದ್ಧತಿಯನ್ನು ನೆನಪಿಟ್ಟು ಬಡಿಸುವವರು ಈಗ ನಮ್ಮವರಲ್ಲೇ ಕಡಿಮೆ. ನಾಚಿಕೆ ಬಿಟ್ಟು ತಿಂದೆ.

ದೊಡ್ಡವಳು ಮಾತ್ರ ಸ್ಪೀಕರ್ ಕೈಯಲ್ಲಿ ಹಿಡಿದು ಸಪ್ಪೆ ಮುಖ ಮಾಡಿ ಕೂತಿದ್ದಳು. ಏನೆಂದು ಕೇಳಿದೆ.

"ಹಂದಿಗೆ ಈ ದನಿ ರೂಢಿ ಆಗ್ಬುಟ್ಟದೆ ಟೀಚರೇ. ಮೊದ್ಲ್ ಮೊದ್ಲು ಓಡ್ತಿದ್ವು. ಈಗ ನಾಯಿ ಬೊಗ್ಳುದ್ರೂ ಅಷ್ಟೆ, ನಮ್ಮಪ್ಪ ಕೂಗಿದ್ರೂ ಅಷ್ಟೆ. ಆನೆಗಂತೂ ಇದು ಲೆಕ್ಕಕ್ಕೇ ಇಲ್ಲ. ದನಿ ಬದ್ಲಾಯಿಸ್ಬೇಕು, ಕಟ್ಟೋ ಜಾಗಾನೂ ಬದ್ಲಾಯಿಸ್ಬೇಕು. ಹೊಸ ದನಿ ಬೇಕು." ಅವಳು ಅಜ್ಜಿಯನ್ನು ನೋಡಿದಳು, ಪುಟ್ಟಿಯನ್ನು ನೋಡಿದಳು. ಆಮೇಲೆ ಇಬ್ಬರು ಹುಡುಗಿಯರೂ ಒಟ್ಟಿಗೆ ನನ್ನನ್ನು ನೋಡಿದರು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಬೇಜಾರ್ ಮಾಡ್ಕಬ್ಯಾಡಿ ಟೀಚರೇ" ಎಂದಳು ಪುಟ್ಟಿ. "ನೀವು ಬೈದ್ರೆ ಹಂದಿ ಬರಾಕಿಲ್ಲ."

ಬೇಜಾರಾಯಿತು. ಸುಳ್ಳು ಹೇಳಲಾರೆ. ಇಷ್ಟು ವರ್ಷ ಕಲಿಸಿ, ಮಕ್ಕಳ ಮನಸ್ಸಿನಲ್ಲಿ ನಾನು ಹಂದಿ ಓಡಿಸುವ ದನಿಯಾಗಿ ಉಳಿದೆನೇ ಎಂದು ಎದೆಗೆ ಚುಚ್ಚಿತು. ಅಜ್ಜಿ ಮೊಮ್ಮಗಳ ತಲೆಗೆ ಒಂದು ಮೊಟಕಿದರು. ಆದರೆ ಅವರೂ ಬೇಡವೆನ್ನಲಿಲ್ಲ. ಅವರ ಕಣ್ಣು ಕೆದರಿದ ಅಂಚಿನ ಕಡೆಗೇ ಇತ್ತು.

"ಏನು ಬೈಯಬೇಕು? ಹಂದಿಗೆ ಏನೆಂದು ಬೈಯುವುದು?" ಎಂದೆ.

"ಆ ನೋಟೀಸ್ ಓದಿ ಟೀಚರೇ" ಎಂದಳು ದೊಡ್ಡವಳು. "ಸೋಮ್ವಾರ ಓದುದ್ರಲ್ಲ, ಹಂಗೇ."

ಮನೆಯಲ್ಲಿ ಅಜ್ಜಿಯ ಮಗ ದೂರದ ಕೆಲಸಕ್ಕೆ ಹೋಗುವಾಗ ಬಿಟ್ಟುಹೋದ ಹಳೆಯ ಫೋನೊಂದಿತ್ತು. ದೊಡ್ಡವಳು ಅದರಲ್ಲಿ ಏನೋ ಸರಿಪಡಿಸಿದಳು. ಫೋನಿನಲ್ಲಿ ಸುಮ್ಮನೆ ಹಿಡಿದ ದನಿಯನ್ನು ಈ ಅಗ್ಗದ ಸ್ಪೀಕರ್ ಎಷ್ಟೋ ಸಲ ಓದುವುದೇ ಇಲ್ಲ, ಹಾಡಿನ ಹಾಗೆ ಎಂಪಿ3 ಮಾಡಿ ಉಳಿಸಬೇಕು, ಕಾರ್ಡನ್ನು ಫೋನಿಗೆ ಹಾಕಿ ಅದರ ಮೇಲೆಯೇ ಇಡಬೇಕು ಎಂದು ವಿವರಿಸಿದಳು. ನಾನು ಗದ್ದೆಯ ಬದುವಿನ ಮೇಲೆ ನಿಂತೆ. ಕೈಯಲ್ಲಿ ನೋಟೀಸು. ಎದುರಿಗೆ ಬಯಲು, ಅದರಾಚೆ ಕಾಡು. ಚಿಕ್ಕವಳಿದ್ದಾಗ ಅಪ್ಪನನ್ನು ಕರೆಯಲು ನಿಲ್ಲುತ್ತಿದ್ದ ಹಾಗೆಯೇ ಕಾಲು ಅಗಲ ಮಾಡಿದೆ.

ಓದಿದೆ. "ಬ್ಲೂಟೂತ್ ಸ್ಪೀಕರ್, ಇಯರ್‌ಬಡ್ ತರುವ ಮಕ್ಕಳ ಗಮನಕ್ಕೆ!" ಎಂದು ಸುರುಮಾಡಿದೆ. ಶುದ್ಧ ಆಫೀಸಿನ ಮಲಯಾಳ. "ತರುವಂತಿಲ್ಲ!" ಎಂಬಲ್ಲಿ ಹೊಳೆಯಂಚಿನ ಕೊಕ್ಕರೆಗಳು ಎದ್ದು ಹಾರಿದವು. ಮನೆಯವರು ಮೆತ್ತಗೆ ಎಂದದ್ದು, ನೆರೆಯವರು ನಕ್ಕದ್ದು, ಯಾವುದನ್ನೂ ಲೆಕ್ಕಿಸದೆ, ತಡೆಯಿಲ್ಲದೆ ಓದಿದೆ. "ಸಹಿ ಹಾಕಿದರೆ ಮಾತ್ರ ವಾಪಸು!" ಎಂದು ಮುಗಿಸಿದಾಗ ಗಂಟಲು ಹಗುರವಾಗಿತ್ತು. ಹೊಳೆಯಾಚೆಯಿಂದ ಯಾರೋ "ಯಾರದೂ, ಏನಾಯ್ತೂ?" ಎಂದು ಗಾಬರಿಯಿಂದ ಕೂಗಿದರು. ಅಜ್ಜಿ "ಏನಿಲ್ಲ, ನಮ್ ಟೀಚರು!" ಎಂದು ತಿರುಗಿ ಕೂಗಿದರು.

ಸ್ಪೀಕರನ್ನು ಕಂದಕ ಕುಸಿದ ಜಾಗದ ಹತ್ತಿರ ಹೊಸ ಗೂಟಕ್ಕೆ ಕಟ್ಟಿದ್ದನ್ನು ನೋಡಿ ನಾನು ಬಸ್ಸಿಗೆ ಓಡಿದೆ. ಮನೆ ಮುಟ್ಟಿದಾಗ ಕತ್ತಲಾಗಿತ್ತು. ಊಟವಿಲ್ಲ, ಬರೀ ನೀರು ಎಂದಾಗ ಗಂಡ ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರು. ಹಂದಿಗಳಿಗೆ ನೋಟೀಸು ಓದಿ ಬಂದೆ ಎಂದೆ. ಅವರು ಮುಂದೆ ಕೇಳಲಿಲ್ಲ. ಇಷ್ಟು ವರ್ಷದ ಅಭ್ಯಾಸ.

ಮರುದಿನ ಸಹಿಯ ಹಾಳೆಯನ್ನು ಹೆಡ್‌ಮಾಷ್ ಮೇಜಿನ ಮೇಲಿಟ್ಟೆ. ದೊಡ್ಡವಳನ್ನು ಕಣ್ಣಲ್ಲೇ ಕೇಳಿದೆ. ಅವಳು ಹೆಬ್ಬೆರಳು ಎತ್ತಿದಳು. ಶನಿವಾರ ಇಡೀ ದಿನ ನನಗೆ ಆ ಬಯಲಿನದೇ ಯೋಚನೆ. ಭಾನುವಾರ ಬೆಳಿಗ್ಗೆ ಮೋಡ ಕಂಡು ಬೈದೆ.

ಸೋಮವಾರ ಸ್ಪೀಕರ್ ಮತ್ತೆ ಶಾಲೆಗೆ ಬಂತು. ಈ ಸಲ ನಿಯಮದ ಪ್ರಕಾರವೇ, ಡ್ಯಾನ್ಸ್ ಟೀಚರ ಚೀಟಿಯೊಂದಿಗೆ. ಅಸೆಂಬ್ಲಿಗೆ ಮುಂಚೆ ಸ್ಟಾಫ್ ರೂಮಿನ ಮೇಜಿನ ಮೇಲಿತ್ತು. ಕೊಯ್ಲು ಮುಗಿದಿತ್ತು, ಇನ್ನು ಅದಕ್ಕೆ ಬೇರೆ ಕೆಲಸ. ಮಧ್ಯಾಹ್ನದ ಮೇಲೆ ಡ್ಯಾನ್ಸ್ ಟೀಚರ್ ಮೈದಾನದಲ್ಲಿ ಮಕ್ಕಳನ್ನು ಸಾಲು ನಿಲ್ಲಿಸಿ, ತಮ್ಮ ಫೋನು ಹಿಡಿದು, ಸ್ಪೀಕರಿನ ಬಟನ್ ಒತ್ತಿದರು. ಕಾರ್ಡು ಒಳಗೇ ಇತ್ತು.

"ಬ್ಲೂಟೂತ್ ಸ್ಪೀಕರ್, ಇಯರ್‌ಬಡ್ ತರುವ ಮಕ್ಕಳ ಗಮನಕ್ಕೆ!"

ಎಲ್ಲ ತರಗತಿಗಳಲ್ಲಿ ಮಕ್ಕಳು ಎದ್ದು ನಿಂತರು. ಹೆಡ್‌ಮಾಷ್ ಆಫೀಸಿನಿಂದ ಹೊರಗೆ ಬಂದರು. ನಾನು ಅವರ ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಅವರು ನನ್ನನ್ನು ನೋಡಿದರು, ಮೈದಾನವನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. "ಈ ಹೊತ್ತಿನಲ್ಲಿ ಯಾರು ಓದುತ್ತಿರುವುದು?" ಎಂದರು.

ಸಾಲಿನ ತುದಿಯಲ್ಲಿದ್ದ ಪುಟ್ಟಿ ಮಲಯಾಳದಲ್ಲಿ ಉತ್ತರ ಕೊಟ್ಟಳು: "ಮಾಷೇ, ಇದು ನಮಗಲ್ಲ. ಹಂದಿಗೆ ಓದಿದ್ದು."

ಹೆಡ್‌ಮಾಷ್ ಅವತ್ತು ಮನಸಾರೆ ನಕ್ಕರು. ಅವರು ನಕ್ಕದ್ದನ್ನು ನೋಡಲು ಪ್ಯೂನ್ ಕೂಡ ಓಡಿ ಬಂದರು. ಮುಂದಿನ ಅಸೆಂಬ್ಲಿಯಲ್ಲಿ ನೋಟೀಸಿಗೆ ಒಂದು ಸಾಲು ಸೇರಿತು, ಅದನ್ನು ಅವರೇ ಬರೆದಿದ್ದರು: ಒಂದು ಮನೆಯಿಂದ ಇನ್ನೊಂದು ಮನೆಗೆ ಮುಟ್ಟಿಸಬೇಕಾದ ಸಾಧನವನ್ನು ಆಫ್ ಮಾಡಿ, ಕಾರ್ಡು ತೆಗೆದು, ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಕೊಡತಕ್ಕದ್ದು, ಸಂಜೆ ತೆಗೆದುಕೊಂಡು ಹೋಗುವವರ ಹೆಸರನ್ನು ಆಗಲೇ ಹೇಳತಕ್ಕದ್ದು. ಆ ಸಾಲನ್ನೂ ನಾನೇ ಓದಿದೆ.

ಅದೇ ದಿನ ಸಂಜೆ ಪುಟ್ಟಿ ಬ್ಯಾಗಿನಿಂದ ಒಂದು ಬಟ್ಟೆಯ ಗಂಟು ತೆಗೆದು ನನ್ನ ಮುಂದಿಟ್ಟಳು. ಹೊಸ ಭತ್ತದ ಅವಲಕ್ಕಿ, ಇನ್ನೂ ಹುರಿದ ವಾಸನೆ ಇತ್ತು. ನಾವು ಮಕ್ಕಳಿಂದ ಏನೂ ತೆಗೆದುಕೊಳ್ಳಬಾರದು ಎಂದೆ.

"ಇದು ಕೊಡಾದಲ್ಲ ಟೀಚರೇ, ಕೂಲಿ. ಅಜ್ಜಿ ಹೇಳವ್ರೆ, ಕಾವಲಿಗೆ ಕೂತವ್ರಿಗೆಲ್ಲ ಕೊಡ್ತಾರಂತೆ. ಅವತ್ತಿಂದ ಕೊಯ್ಲಿನವರ್ಗೂ ದಿನಾ ರಾತ್ರಿ ನೀವೇ ಕೂತಿದ್ರಿ, ಅದ್ಕೆ."

ನಾನು ಏನೋ ಬೈಯಲು ಬಾಯಿ ತೆರೆದೆ. ಹೊತ್ತು ಇನ್ನೂ ಮುಳುಗಿರಲಿಲ್ಲ, ಅದೇ ಬಾಯಿಗೆ ಒಂದು ಹಿಡಿ ಅವಲಕ್ಕಿ ಹಾಕಿಕೊಂಡೆ.